ಬಣ್ಣದ ನೆಗೆಟಿವಿನಿಂದ ಸಹಜವಾದ ಮುಖಚಿತ್ರ

ಗುಬ್ಬಿಯಲ್ಲಿ 1986ರಲ್ಲಿ ನಡೆದ ನಮ್ಮ ಮನೆಯ ಮದುವೆಯೊಂದರ ಬಣ್ಣದ ನೆಗೆಟಿವುಗಳು ಕಳೆದ ಬೇಸಗೆಯಲ್ಲಿ ನನ್ನ ಕೈಸೇರಿದುವು. ಅವುಗಳಲ್ಲೊಂದರಲ್ಲಿ ನನ್ನ ಅಜ್ಜಿ ಕೆಂಪು ರೇಷ್ಮೆ ಸೀರೆಯುಟ್ಟು ಕುಳಿತಿದ್ದಾರೆ. ಪಕ್ಕದಲ್ಲಿ ಬಿಳಿಯ ಪಂಚೆಯುಟ್ಟ ತಾತ. ಅಜ್ಜಿಯ ಬೇರೆ ಬಣ್ಣದ ಚಿತ್ರ ನಮ್ಮ ಮನೆಯಲ್ಲಿಲ್ಲ. ತುಮಕೂರಿನಲ್ಲಿ ಅದನ್ನು ಸ್ಕ್ಯಾನ್ ಮಾಡಿ, ಯಂತ್ರವೇ ತಾನಾಗಿ ತಿರುಗಿಸಿಕೊಟ್ಟ ಚಿತ್ರವನ್ನು ಕುಣಿಗಲಿನಲ್ಲಿರುವ ಅಜ್ಜಿಯ ತಂಗಿಗೆ ತೋರಿಸಿದೆನು. ಚಿಕ್ಕಜ್ಜಿ ಕೊಂಚ ಹೊತ್ತು ನೋಡಿ, "ಸೀರೆ ಅಕ್ಕಂದೇ ಕಣಪ್ಪ, ಮುಖ ಅಕ್ಕಂದಲ್ಲ" ಎಂದರು. ಅವರ ಮಾತು ನಿಜವಾಗಿತ್ತು. ಮುಖಕ್ಕೆ ಬೂದಿ ಬಳಿದಂತೆ ಕಾಣುತ್ತಿತ್ತು. ಕೂದಲಿಗೆ ನೀಲಿ ಏರಿತ್ತು. ಹೀಗೇಕಾಯಿತು, ಸರಿಪಡಿಸುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಕಿತ್ತಳೆ ಬಣ್ಣದ ಗುಟ್ಟು

ಬಣ್ಣದ ನೆಗೆಟಿವನ್ನು ಬೆಳಕಿಗೆ ಹಿಡಿದರೆ, ಚಿತ್ರವಿಲ್ಲದ ಅಂಚು ಕೂಡ ಕಿತ್ತಳೆಯಾಗಿ ಕಾಣುವುದನ್ನು ವಾಚಕರು ಗಮನಿಸಿರಬಹುದು. ಇದು ಹಳೆಯದಾದುದರಿಂದ ಹಿಡಿದ ಕೊಳೆಯಲ್ಲ; ತಯಾರಕರು ಬೇಕೆಂದೇ ಇರಿಸಿದ ಬಣ್ಣ. ಫಿಲ್ಮಿನ ಮೂರು ಸ್ತರಗಳಲ್ಲಿ ಹಳದಿ, ಮೆಜೆಂಟಾ ಮತ್ತು ಸಯಾನ್ ಎಂಬ ಮೂರು ವರ್ಣದ್ರವ್ಯಗಳು ಉಂಟಾಗುತ್ತವೆ. ಮೆಜೆಂಟಾ ಹಸಿರು ಬೆಳಕನ್ನು ಮಾತ್ರ ಹೀರಬೇಕು. ಆದರೆ ನೀಲಿಯನ್ನೂ ಸ್ವಲ್ಪ ಹೀರುತ್ತದೆ. ಸಯಾನಿಗೂ ಇಂಥದೇ ದೋಷವುಂಟು. 1940ರ ದಶಕದಲ್ಲಿ ಕೊಡಕ್ ಸಂಸ್ಥೆಯ ಡಬ್ಲ್ಯು. ಟಿ. ಹ್ಯಾನ್ಸನ್ ಇದಕ್ಕೊಂದು ಉಪಾಯ ಕಂಡುಹಿಡಿದರು. ವರ್ಣದ್ರವ್ಯವನ್ನು ಹುಟ್ಟಿಸುವ ಮೂಲವಸ್ತುವಿಗೇ ಮೊದಲಿನಿಂದ ತಕ್ಕ ಬಣ್ಣವಿರುವಂತೆ ಮಾಡಿದರು. ವರ್ಣದ್ರವ್ಯ ಹುಟ್ಟಿದಷ್ಟೂ ಈ ಬಣ್ಣ ನಾಶವಾಗುವುದು. ಆದಕಾರಣ ಬೇಡದ ಹೀರಿಕೆಯು ಚಿತ್ರದ ಎಲ್ಲ ಕಡೆಯೂ ಸುಮಾರು ಒಂದೇ ಸಮನಾಗಿ ಉಳಿಯುತ್ತದೆ. ಆ ಸಮನಾದ ಹೀರಿಕೆಯೇ ಕಿತ್ತಳೆಯ ತೆರೆ. ಅದು ಒಂದು ಸೋಸುಗಾಜಿನಂತೆ ಪ್ರತಿಯೊಂದು ಬಿಂದುವಿನ ಬೆಳಕನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಗುಣಾಕಾರದಿಂದ ಬಂದುದನ್ನು ಭಾಗಾಕಾರದಿಂದಲೇ ತೆಗೆಯಬೇಕು, ವ್ಯವಕಲನದಿಂದಲ್ಲ. ಇಡೀ ವಿಷಯದ ಕೀಲಿಕೈ ಇದೇ.

ವ್ಯವಕಲನದ ತಪ್ಪು

ನನ್ನ ನೆಗೆಟಿವಿನ ಅಂಚಿನಲ್ಲಿ ಬಿದ್ದ ಬೆಳಕಿನ ಪೈಕಿ ಕೆಂಪು ನೂರಕ್ಕೆ 60, ಹಸಿರು 25, ನೀಲಿ 14ರಷ್ಟು ಹಾಯ್ದುಬರುತ್ತಿದ್ದುವು. ಅಜ್ಜಿಯ ಕಪ್ಪು ಕೂದಲಿನ ಜಾಗದಲ್ಲಿ ಇವು ಕ್ರಮವಾಗಿ 50, 20, 11. ಸಾಮಾನ್ಯವಾದ 'ಇನ್ವರ್ಟ್' ಆಜ್ಞೆಯು ಪ್ರತಿಯೊಂದನ್ನೂ ನೂರರಿಂದ ಕಳೆಯುತ್ತದೆ. ಹಾಗೆ ಕಳೆದರೆ ಕೂದಲಿಗೆ 50, 80, 89 ಬರುತ್ತದೆ. ಎಂದರೆ ತಿಳಿಯಾದ ಹಸಿರುನೀಲಿ. ಆ ಬಳಿಕ ಯಂತ್ರವು ತಾನೇ ಬಣ್ಣ ತಿದ್ದಲು ಹೊರಡುತ್ತದೆ. ಯಾವ ಚಿತ್ರದ ಬಣ್ಣಗಳ ಸರಾಸರಿಯೂ ಬೂದುಬಣ್ಣವಾಗಿರುತ್ತದೆ ಎಂಬ ಊಹೆ ಇಂಥ ತಿದ್ದುಪಡಿಗಳಲ್ಲಿ ಸಾಮಾನ್ಯ. ಆದರೆ ನಮ್ಮ ಚಿತ್ರದಲ್ಲಿ ಅರ್ಧಕ್ಕರ್ಧ ಕೆಂಪು ಸೀರೆಯೇ ತುಂಬಿದೆ! ಸರಾಸರಿಯನ್ನು ಬೂದುಬಣ್ಣಕ್ಕೆ ತರಲು ಯಂತ್ರವು ಎಲ್ಲ ಕಡೆಯಿಂದಲೂ ಕೆಂಪನ್ನು ಕಡಿಮೆಮಾಡಿತು. ಸೀರೆಯಲ್ಲಿ ಕೆಂಪು ಹೇರಳವಾಗಿದ್ದುದರಿಂದ ಅದು ಕೆಂಪಾಗಿಯೇ ಉಳಿಯಿತು, ಕಳೆಗುಂದಿದ್ದು ಮುಖ.

ಭಾಗಾಕಾರದ ಕ್ರಮ

ಮೊದಲು ನೆಗೆಟಿವನ್ನು ಸ್ಲೈಡೆಂದೇ ಹೇಳಿ, 16 ಬಿಟ್ಟಿನಲ್ಲಿ, ಎಲ್ಲ ಸ್ವಯಂ ತಿದ್ದುಪಡಿಗಳನ್ನೂ ನಿಲ್ಲಿಸಿ, ಅಂಕಿಗಳು ಬೆಳಕಿನ ಪ್ರಮಾಣದಲ್ಲೇ ಇರುವಂತೆ ಸ್ಕ್ಯಾನ್ ಮಾಡಬೇಕು. ಚಿತ್ರದ ಜೊತೆಗೆ ಖಾಲಿ ಅಂಚೂ ಸ್ವಲ್ಪ ಸೇರಿರಬೇಕು. ಅನಂತರ ಪ್ರತಿ ಬಣ್ಣದಲ್ಲಿಯೂ ಅಂಚಿನ ಅಂಕಿಯನ್ನು ಬಿಂದುವಿನ ಅಂಕಿಯಿಂದ ಭಾಗಿಸಬೇಕು. ಇದರಿಂದ ಕಿತ್ತಳೆಯೂ ತೊಲಗಿತು, ಕಪ್ಪು ಬಿಳಿಗಳೂ ತಿರುಗಿದುವು.

ಇನ್ನೊಂದು ಕೆಲಸ ಉಳಿದಿದೆ. ನೆಗೆಟಿವು ದೃಶ್ಯದ ಏರಿಳಿತಗಳನ್ನು ಕುಗ್ಗಿಸಿ ದಾಖಲಿಸುತ್ತದೆ. ದೃಶ್ಯದಲ್ಲಿ ಬೆಳಕು ಹತ್ತರಷ್ಟಾದರೆ ಫಿಲ್ಮಿನ ಸಾಂದ್ರತೆ ಸುಮಾರು 0.6 ಮಾತ್ರ ಹೆಚ್ಚುತ್ತದೆ. ಎಂದರೆ ಹಾಯ್ದುಬರುವ ಬೆಳಕು ಹತ್ತನೆಯ ಒಂದು ಪಾಲಿಗಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಈ ಕುಗ್ಗುವಿಕೆಯನ್ನು ಬಿಡಿಸಲು, ಬಂದ ಭಾಗಲಬ್ಧವನ್ನು 1/0.6, ಎಂದರೆ 5/3 ಘಾತಕ್ಕೆ ಏರಿಸಬೇಕು:

```
E = (T_base / T) ** (5/3)
```

ಇಲ್ಲಿ `T_base` ಅಂಚಿನ ಅಂಕಿ, `T` ಬಿಂದುವಿನ ಅಂಕಿ, `E` ಆ ಬಿಂದುವಿಗೆ ಅಂದು ಬಿದ್ದ ಬೆಳಕಿನ ಅಳತೆ. ಅಜ್ಜಿಯ ಕೆನ್ನೆಯಲ್ಲಿ ಅಂಕಿಗಳು 16, 8, 5. ಸೂತ್ರದಿಂದ ಬರುವ ಬೆಲೆಗಳು ಕೆಂಪಿಗೆ 9.1, ಹಸಿರಿಗೆ 6.7, ನೀಲಿಗೆ 5.6. ತಾತನ ಪಂಚೆಯಲ್ಲಿ ಅಂಕಿಗಳು 10, 4, 2. ಬರುವ ಬೆಲೆಗಳು 19.8, 21.2, 25.6. ಪಂಚೆಯು ಬಿಳಿಯಾದುದರಿಂದ ಈ ಮೂರೂ ಸಮನಾಗಬೇಕು. ಆದುದರಿಂದ ಚಿತ್ರದ ಪ್ರತಿಯೊಂದು ಬಣ್ಣವನ್ನೂ ಪಂಚೆಯ ಆಯಾ ಬೆಲೆಯಿಂದ ಭಾಗಿಸುವೆವು. ಆಗ ಕೆನ್ನೆಗೆ ದೊರೆಯುವುದು 0.46, 0.32, 0.22, ಕೂದಲಿಗೆ 0.07, 0.07, 0.06. ಕೂದಲು ಕಪ್ಪಾಯಿತು, ಕೆನ್ನೆ ಗೋಧಿವರ್ಣಕ್ಕೆ ಬಂತು. ಪರದೆಗೆ ಕಳುಹಿಸುವಾಗ ಈ ಬೆಲೆಗಳನ್ನು 1/2.2 ಘಾತಕ್ಕೆ ಏರಿಸಿ 255ರಿಂದ ಗುಣಿಸಿದರೆ ಕೆನ್ನೆಯ ಅಂಕಿಗಳು ಸುಮಾರು 179, 151, 127 ಆಗುತ್ತವೆ. `darktable` ಎಂಬ ಉಚಿತ ತಂತ್ರಾಂಶದ `negadoctor` ಭಾಗವು ಇದೇ ತತ್ತ್ವದ ಮೇಲೆ ನಡೆಯುತ್ತದೆ. ಅಂಚನ್ನು ನಾವು ತೋರಿಸಿಕೊಡಬೇಕು.

ಪರೀಕ್ಷೆ ಹೇಗೆ?

ಮೈಬಣ್ಣ ಕಪ್ಪಿರಲಿ, ಬೆಳ್ಳಗಿರಲಿ, ಬಿಳಿಯ ಬೆಳಕಿನಲ್ಲಿ ಚರ್ಮದ ಕೆಂಪು ಹಸಿರಿಗಿಂತಲೂ, ಹಸಿರು ನೀಲಿಗಿಂತಲೂ ಹೆಚ್ಚಾಗಿರುತ್ತದೆ. ಚರ್ಮದ ಮೆಲನಿನ್ ನೀಲಿಯನ್ನು ಹೆಚ್ಚಾಗಿ ಹೀರುವುದೂ, ರಕ್ತವು ಹಸಿರನ್ನು ಹೀರಿ ಕೆಂಪನ್ನು ಬಿಡುವುದೂ ಇದಕ್ಕೆ ಕಾರಣ. ಕೆನ್ನೆಯ ಅಂಕಿಗಳಲ್ಲಿ ಈ ಕ್ರಮ ತಪ್ಪಿದರೆ ಎಲ್ಲೋ ಲೆಕ್ಕ ಕೆಟ್ಟಿದೆಯೆಂದು ತಿಳಿಯಬೇಕು.

ಪಂಚೆಯನ್ನೂ ಕಣ್ಣುಮುಚ್ಚಿ ನಂಬಲಾಗದು. ನಮ್ಮಲ್ಲಿ ಬಿಳಿಯ ಬಟ್ಟೆಗೆ ನೀಲಿ ಹಾಕುವ ರೂಢಿಯುಂಟಷ್ಟೆ. ನೀಲಿ ಹೆಚ್ಚಾದ ಪಂಚೆಯನ್ನು ಶುದ್ಧ ಬಿಳಿಯೆಂದು ಬಗೆದರೆ ಮುಖವು ಕಾಮಾಲೆ ಹಿಡಿದಂತೆ ಹಳದಿಯಾಗುವುದು. ಬಣ್ಣದ ಶಾಮಿಯಾನದಡಿಯಲ್ಲಿ ತೆಗೆದ ಚಿತ್ರದಲ್ಲಿ, ಪಂಚೆಯ ಮೇಲೆ ಬಿದ್ದ ಬೆಳಕೂ ಮುಖದ ಮೇಲೆ ಬಿದ್ದ ಬೆಳಕೂ ಒಂದೇ ಆಗಿರಬೇಕೆಂದಿಲ್ಲ. ಆದಕಾರಣ ಕೂದಲನ್ನೂ ಕಣ್ಣಿನ ಬಿಳಿಯನ್ನೂ ಕೂಡಿಸಿ ನೋಡುವುದು ಒಳ್ಳೆಯದು.

ಸ್ಲೈಡಿನ ಸಂಗತಿ ಬೇರೆ. ಅದು ಮೊದಲೇ ಪಾಸಿಟಿವ್. ಕಿತ್ತಳೆಯ ತೆರೆಯೂ ಇಲ್ಲ. ಆದುದರಿಂದ ತಿರುಗಿಸುವ ಮಾತಿಲ್ಲ. ಹಳೆಯ ಸ್ಲೈಡು ಕೆಂಪೇರಿದ್ದರೆ, ಬಹುಮಟ್ಟಿಗೆ ಅದರ ಸಯಾನ್ ವರ್ಣದ್ರವ್ಯ ಮಾಸಿದೆಯೆಂದು ಅರ್ಥ. ಆಗ ಕೆಂಪನ್ನು ಎಲ್ಲ ಕಡೆಯೂ ಒಂದೇ ಮೊತ್ತದಷ್ಟು ಕಳೆಯಬಾರದು. ಹಾಗೆ ಕಳೆದರೆ ಪಂಚೆಯ ಬಿಳಿಯೂ ಹಸಿರುನೀಲಿಗೆ ತಿರುಗೀತು. ಕೆಂಪಿನ ಬೆಲೆಯನ್ನು ಮಾತ್ರ 1ಕ್ಕಿಂತ ಹೆಚ್ಚಿನ ಘಾತಕ್ಕೆ ಏರಿಸಬೇಕು. ಆಗ ಬಿಳಿ ಬಿಳಿಯಾಗಿಯೇ ಉಳಿದು, ನೆರಳಿನ ಕೆಂಪು ಮಾತ್ರ ಇಳಿಯುವುದು.

ತಿದ್ದಿದ ಚಿತ್ರವನ್ನು ಮತ್ತೆ ಕುಣಿಗಲಿಗೆ ಒಯ್ದೆನು. ಚಿಕ್ಕಜ್ಜಿ ಈ ಸಲ, "ಅಕ್ಕನೇ ಕಣಪ್ಪ. ಇನ್ನೊಂಚೂರು ಕಪ್ಪಗಿದ್ಲು" ಎಂದರು. ಇದಕ್ಕೆ ಭೌತಶಾಸ್ತ್ರದಲ್ಲಿ ಎದುರುಮಾತಿಲ್ಲ. ಅಂದು ಫ್ಲ್ಯಾಷಿನ ಬೆಳಕು ಮುಖದ ಮೇಲೆ ಎಷ್ಟು ಬಿತ್ತು, ಪಂಚೆಯ ಮೇಲೆ ಎಷ್ಟು ಬಿತ್ತು ಎಂಬುದನ್ನು ನೆಗೆಟಿವು ಬೇರೆಯಾಗಿ ಹೇಳುವುದಿಲ್ಲ. ಬಣ್ಣಗಳ ಪರಸ್ಪರ ಪ್ರಮಾಣವನ್ನು ಅದರಿಂದ ಪಡೆಯಬಹುದು. ಹೊಳಪಿನ ಮಟ್ಟಕ್ಕೆ ಕಂಡವರ ನೆನಪೇ ಸಾಕ್ಷಿ. ಮೂರು ಬಣ್ಣಗಳನ್ನೂ ಒಂದೇ ಅಂಕಿಯಿಂದ, 0.8ರಿಂದ, ಗುಣಿಸಿದೆನು. ಪ್ರಮಾಣ ಕೆಡದೆ ಮುಖ ಕೊಂಚ ಕಪ್ಪಾಯಿತು. ಅದನ್ನೇ ಅಚ್ಚುಮಾಡಿಸಿ ಗೋಡೆಗೆ ಹಾಕಿದ್ದೇವೆ.