ವಾಹನದ ರಸೀದಿಗಳನ್ನು ಓದಿ ತಿಂಗಳ ಸಾಗಣೆ ಖರ್ಚು ಬರೆಯುವ ಬಗೆ

ಖಾನಾಪುರ ತಾಲ್ಲೂಕಿನ ಗೆಣಸಿನ ಬೆಳೆಗಾರರಲ್ಲಿ ಹಲವರು ನಾಲ್ಕೆಂಟು ಜನ ಕೂಡಿ ಒಂದೇ ಪಿಕಪ್ ವಾಹನದಲ್ಲಿ ಮಾಲನ್ನು ಬೆಳಗಾವಿ ಮಾರುಕಟ್ಟೆಗೆ ಒಯ್ಯುವುದುಂಟು. ತಿಂಗಳ ಕೊನೆಗೆ ಒಟ್ಟು ಸಾಗಣೆ ಖರ್ಚನ್ನು ಚೀಲಗಳ ಲೆಕ್ಕದಲ್ಲಿ ಹಂಚಿ, ಪ್ರತಿಯೊಬ್ಬರ ಮಾರಾಟದ ಹಣದಿಂದ ಮುರಿದುಕೊಳ್ಳುತ್ತಾರೆ. ಚಾಲಕನು ಡೀಸೆಲ್, ಟೋಲ್ ಮತ್ತು ಪಾರ್ಕಿಂಗ್ ಚೀಟಿಗಳನ್ನು ಲಾಗ್ ಪುಸ್ತಕದ ಹಾಳೆಗೆ ಅಂಟಿಸಿ, ಅದರ ಫೋಟೋ ತೆಗೆದು ಲೆಕ್ಕ ಬರೆಯುವವರ ಮೊಬೈಲಿಗೆ ಕಳಿಸುತ್ತಾನೆ. ಈ ಫೋಟೋವನ್ನು ತಪ್ಪಾಗಿ ಓದಿದರೆ ಬೆಳೆಗಾರನ ಕೈಸೇರುವ ಹಣವೇ ಕಡಿಮೆಯಾಗುತ್ತದೆ. ಆದ್ದರಿಂದ ಓದುವ ಕ್ರಮವನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಿದೆ. ದರ ಮತ್ತು ಮೊತ್ತಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಅವನ್ನು ಇಂದಿನ ದರವೆಂದು ತಿಳಿಯಬಾರದು.

ಒಂದು ಗುಂಪಿನ ವಾಹನವು ನವೆಂಬರ್ ತಿಂಗಳಲ್ಲಿ 15 ಸಲ ಬೆಳಗಾವಿಗೆ ಹೋಗಿ ಬಂದಿತೆಂದು ಇಟ್ಟುಕೊಳ್ಳೋಣ. ಪ್ರತಿ ಸಲ 25 ಚೀಲದಂತೆ ಒಟ್ಟು 375 ಚೀಲ ಸಾಗಿದೆ. ಮೀಟರ್ ರೀಡಿಂಗ್ ತಿಂಗಳ ಆರಂಭದಲ್ಲಿ 48,210, ಕೊನೆಯಲ್ಲಿ 49,170. ಅಂದರೆ 960 ಕಿಲೋಮೀಟರ್ ಓಡಿದೆ.

ಡೀಸೆಲ್ ರಸೀದಿ

ಪೆಟ್ರೋಲ್ ಬಂಕಿನ ರಸೀದಿಯಲ್ಲಿ ಲೀಟರಿನ ದರ, ಹಾಕಿದ ಲೀಟರು ಮತ್ತು ಒಟ್ಟು ಮೊತ್ತ ಎಂಬ ಮೂರು ಅಂಕಿಗಳಿರುತ್ತವೆ. ಇವುಗಳಲ್ಲಿ ಯಾವ ಎರಡು ಸ್ಪಷ್ಟವಾಗಿದ್ದರೂ ಮೂರನೆಯದನ್ನು ಲೆಕ್ಕದಿಂದ ಪಡೆಯಬಹುದು. ಫೋಟೋದಲ್ಲಿ ಮಸುಕಾದ ಅಂಕಿಯನ್ನು ಕಣ್ಣಂದಾಜಿನಿಂದ ಓದುವುದಕ್ಕಿಂತ ಇದೇ ನಂಬಿಕೆಗೆ ಅರ್ಹವಾದ ದಾರಿ.

ಈ ಗುಂಪಿನ ಹಾಳೆಯಲ್ಲಿ 17ನೇ ತಾರೀಖಿನ ರಸೀದಿಯ ಮೊತ್ತ 1,399.75 ಎಂದು ಕಾಣುತ್ತದೆ. ದರ 89.40, ಪ್ರಮಾಣ 21.25 ಲೀಟರ್ ಎಂಬುದು ಸ್ಪಷ್ಟವಿದೆ. ಇವೆರಡನ್ನು ಗುಣಿಸಿದರೆ 1,899.75 ಬರುತ್ತದೆ. ಎಂದರೆ 3 ಎಂದು ಕಂಡದ್ದು ಎಡಬದಿ ಮಾಸಿದ 8. ಇಂಥ ಕಾಗದದಲ್ಲಿ 3 ಮತ್ತು 8, 1 ಮತ್ತು 7, 5 ಮತ್ತು 6 ಹೀಗೆ ಅದಲುಬದಲಾಗಿ ಕಾಣುವುದು ಸಾಮಾನ್ಯ. ಗುಣಿಸಿದಾಗ ಕೆಲವು ಪೈಸೆ ವ್ಯತ್ಯಾಸ ಬಂದರೆ ಚಿಂತೆಯಿಲ್ಲ. 2,000 ರೂಪಾಯಿಗೆ ಹಾಕಿಸಿದ 22.37 ಲೀಟರನ್ನು 89.40ರಿಂದ ಗುಣಿಸಿದರೆ 1,999.88 ಬರುತ್ತದೆ, ಲೀಟರನ್ನು ಎರಡೇ ದಶಾಂಶಕ್ಕೆ ಮುದ್ರಿಸುವುದೇ ಇದಕ್ಕೆ ಕಾರಣ. ಒಂದು ರೂಪಾಯಿ ಮೀರಿದ ವ್ಯತ್ಯಾಸ ಕಂಡರೆ ಯಾವುದೋ ಅಂಕಿ ತಪ್ಪಾಗಿ ಓದಿದೆ ಎಂದೇ ತಿಳಿಯಬೇಕು.

ಎರಡನೆಯ ತೊಡಕು ಜೋಡಿ ಚೀಟಿಯದು. 26ರಂದು 1,500 ರೂಪಾಯಿಯ ಎರಡು ಚೀಟಿಗಳು ಅಕ್ಕಪಕ್ಕ ಅಂಟಿವೆ. ಒಂದರಲ್ಲಿ ಲೀಟರು ಮತ್ತು ದರ ಇವೆ; ಇನ್ನೊಂದರಲ್ಲಿ ಮೊತ್ತ ಮಾತ್ರ ಇದೆ. ಎರಡನೆಯದು ಕಾರ್ಡ್ ಉಜ್ಜಿದಾಗ ಯಂತ್ರ ಕೊಟ್ಟ ಚೀಟಿ. ಖರೀದಿ ಒಂದೇ, ಕಾಗದ ಎರಡು. ಲೀಟರ್ ಇಲ್ಲದ ಚೀಟಿಯನ್ನು ಡೀಸೆಲ್ ರಸೀದಿಯೆಂದು ಎಣಿಸಕೂಡದು.

ಹೀಗೆ ತಿದ್ದಿದ ಮೇಲೆ ನಾಲ್ಕು ರಸೀದಿಗಳು ಉಳಿಯುತ್ತವೆ: 2ರಂದು 2,000, 9ರಂದು 1,500, 17ರಂದು 1,899.75, 26ರಂದು 1,500. ಒಟ್ಟು ರೂ. 6,899.75, ಡೀಸೆಲ್ 77.18 ಲೀಟರ್. 960 ಕಿಲೋಮೀಟರನ್ನು ಇದರಿಂದ ಭಾಗಿಸಿದರೆ ಲೀಟರಿಗೆ ಸುಮಾರು 12.4 ಕಿಲೋಮೀಟರ್ ಬರುತ್ತದೆ. ಜೋಡಿ ಚೀಟಿಗೂ 16.78 ಲೀಟರ್ ಹಿಡಿದಿದ್ದರೆ ಇದು 10.2ಕ್ಕೆ ಇಳಿಯುತ್ತಿತ್ತು. ಹಿಂದಿನ ತಿಂಗಳುಗಳ ಸರಾಸರಿಗಿಂತ ಇಷ್ಟು ದೂರ ಸರಿದರೆ ಹಾಳೆಯನ್ನು ಮತ್ತೊಮ್ಮೆ ನೋಡಬೇಕು. ಆದರೆ ತಿಂಗಳ ಮೊದಲ ದಿನ ಮತ್ತು ಕೊನೆಯ ದಿನ ಟ್ಯಾಂಕಿನಲ್ಲಿದ್ದ ಡೀಸೆಲ್ ಹೆಚ್ಚುಕಡಿಮೆ ಸಮವಿದ್ದರೆ ಮಾತ್ರ ಈ ಪರೀಕ್ಷೆಗೆ ಅರ್ಥವಿದೆ. ಎರಡೂ ದಿನ ಟ್ಯಾಂಕ್ ತುಂಬಿಸಿಡುವುದು ಉತ್ತಮ.

ಟೋಲ್

ಬೆಳಗಾವಿ–ಖಾನಾಪುರ ರಸ್ತೆ ರಾಷ್ಟ್ರೀಯ ಹೆದ್ದಾರಿ 748ರ ಭಾಗ. ಗಣೇಬೈಲಿನಲ್ಲಿ ಟೋಲ್ ನಾಕೆ ಇದೆ. 2021ರ ಫೆಬ್ರುವರಿಯಿಂದ ಹೆದ್ದಾರಿ ಟೋಲಿಗೆ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಕೈಗೆ ಚೀಟಿ ಸಿಗುವುದು ಅಪರೂಪ. ಲಾಗ್ ಪುಸ್ತಕದ ಫೋಟೋ ಜೊತೆಗೆ ಚಾಲಕನು ಮೊಬೈಲಿನ ಸಂದೇಶಗಳ ಚಿತ್ರವನ್ನೂ ಕಳಿಸುತ್ತಾನೆ. ಅದರಲ್ಲಿ ಎರಡು ಬಗೆಯ ಸಂದೇಶಗಳು ಬೆರೆತಿರುತ್ತವೆ: ಖಾತೆಗೆ ಹಣ ತುಂಬಿದ್ದು ಮತ್ತು ನಾಕೆಯಲ್ಲಿ ಹಣ ಕಡಿತವಾದದ್ದು. ಕಡಿತವಾದದ್ದು ಮಾತ್ರ ಖರ್ಚು. ತುಂಬಿದ್ದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದ ಹಣ. ಎರಡನ್ನೂ ಕೂಡಿಸಿದರೆ ಟೋಲ್ ಖರ್ಚು ಸುಮಾರು ಇಮ್ಮಡಿಯಾಗುತ್ತದೆ. ಲೆಕ್ಕ ಬರೆಯುವವರು ಹೆಚ್ಚಾಗಿ ಎಡವುವುದೂ ಇಲ್ಲಿಯೇ.

24 ಗಂಟೆಯೊಳಗೆ ಮರಳಿದರೆ ಹೋಗಿಬರುವ ಶುಲ್ಕವು ಒಂದು ಕಡೆಯ ಶುಲ್ಕದ ಒಂದೂವರೆ ಪಟ್ಟು. ಹೋಗುವಾಗ 60 ಕಡಿತವಾದರೆ ಬರುವಾಗ 30 ಮಾತ್ರ ಕಡಿತವಾಗುತ್ತದೆ. ಆ 30ನ್ನು ತಪ್ಪೆಂದು ತಿಳಿದು 60 ಮಾಡಬಾರದು. ನಮ್ಮ ಉದಾಹರಣೆಯಲ್ಲಿ 14 ಸಲ 90ರಂತೆ 1,260. ಒಂದು ಸಲ ವಾಹನ ದುರಸ್ತಿಗಾಗಿ ಬೆಳಗಾವಿಯಲ್ಲಿ ನಿಂತು 24 ಗಂಟೆ ಮೀರಿದ್ದರಿಂದ 120. ಒಟ್ಟು ರೂ. 1,380.

ಇದನ್ನು ಖಾತೆಯ ಶಿಲ್ಕಿನಿಂದ ತಾಳೆ ನೋಡಬಹುದು. ತಿಂಗಳ ಆರಂಭದ ಶಿಲ್ಕು 210, ತುಂಬಿದ್ದು 1,500, ಕೊನೆಯ ಶಿಲ್ಕು 330. ಮೊದಲೆರಡನ್ನು ಕೂಡಿಸಿ ಕೊನೆಯದನ್ನು ಕಳೆದರೆ 1,380 ಬರಬೇಕು, ಬರುತ್ತದೆ. ಬಾರದಿದ್ದರೆ ಒಂದು ಸಂದೇಶ ತಪ್ಪಿದೆ ಅಥವಾ ಎರಡು ಬಾರಿ ಎಣಿಸಿದೆ. ಸಂದೇಶ ತಡವಾಗಿ ಬರುವುದೂ ಉಂಟು. 30ರ ರಾತ್ರಿ ನಾಕೆ ದಾಟಿದ ವಾಹನದ ಕಡಿತ ಮುಂದಿನ ತಿಂಗಳ ಮೊದಲ ದಿನ ಖಾತೆಗೆ ಬಿದ್ದಿದ್ದರೆ, ನಾಕೆ ದಾಟಿದ ದಿನಾಂಕವನ್ನೇ ಹಿಡಿಯಬೇಕು. ಆಗ ಶಿಲ್ಕಿನಲ್ಲಿ ಅಷ್ಟೇ ಮೊತ್ತದ ವ್ಯತ್ಯಾಸ ಕಂಡುಬರುತ್ತದೆ. ಅದನ್ನು ಪಕ್ಕದಲ್ಲಿ ಬರೆದಿಡಬೇಕು.

ಪಾರ್ಕಿಂಗ್ ಚೀಟಿ

ನಗರದ ಪಾರ್ಕಿಂಗ್ ಚೀಟಿಗಳು ಚಿಕ್ಕವು; ಕೆಲವದರಲ್ಲಿ ವಾಹನದ ಸಂಖ್ಯೆಯೂ ಇರುವುದಿಲ್ಲ. ಹಾಳೆಯಲ್ಲಿ 20 ರೂಪಾಯಿಯ 12 ಚೀಟಿಗಳಿವೆ, 240 ರೂಪಾಯಿ. ಒಂದರ ದಿನಾಂಕ ಅಂಟಿನಡಿ ಮುಚ್ಚಿಹೋಗಿದೆ. ಅದರ ಕ್ರಮಸಂಖ್ಯೆಯು ಅದೇ ಪುಸ್ತಕದ, ದಿನಾಂಕವಿರುವ ಎರಡು ಚೀಟಿಗಳ ನಡುವೆ ಬೀಳುವುದರಿಂದ ಅದನ್ನು ಈ ತಿಂಗಳಿಗೆ ಸೇರಿಸಬಹುದು. ಪುಸ್ತಕ ಬೇರೆಯಾಗಿದ್ದರೆ ಈ ಊಹೆ ಸಲ್ಲದು. ಉಳಿದ 3 ಸಲದ ಚೀಟಿ ಇಲ್ಲ. ಚಾಲಕ ಹೇಳಿದ 60 ರೂಪಾಯಿಯನ್ನು ‘ರಸೀದಿ ಇಲ್ಲ’ ಎಂಬ ಬೇರೆ ಸಾಲಿನಲ್ಲಿ ಬರೆದು ಸದಸ್ಯರ ಒಪ್ಪಿಗೆ ಪಡೆಯಬೇಕು.

ತಿಂಗಳ ತಃಖ್ತೆ

ಡೀಸೆಲ್ 6,899.75, ಟೋಲ್ 1,380, ಪಾರ್ಕಿಂಗ್ 240, ರಸೀದಿ ಇಲ್ಲದ್ದು 60, ಒಟ್ಟು ರೂ. 8,579.75. ಚೀಲಕ್ಕೆ ರೂ. 22.88. ಅದೇ ಹಾಳೆಯನ್ನು ಕಂಡಂತೆ ಬರೆದಿದ್ದರೆ, 17ರ ರಸೀದಿಯಲ್ಲಿ 500 ಕಡಿಮೆ, ಜೋಡಿ ಚೀಟಿಯಿಂದ 1,500 ಹೆಚ್ಚು, ಫಾಸ್ಟ್ಯಾಗಿಗೆ ತುಂಬಿದ 1,500 ಹೆಚ್ಚು ಆಗಿ, ಒಟ್ಟು 11,079.75 ಆಗುತ್ತಿತ್ತು, ಚೀಲಕ್ಕೆ ರೂ. 29.55. 40 ಚೀಲ ಕಳಿಸಿದ ಬೆಳೆಗಾರನಿಗೆ ಸುಮಾರು 267 ರೂಪಾಯಿ ವಿನಾಕಾರಣ ಮುರಿದಂತೆ. ತಪ್ಪುಗಳು ಒಂದನ್ನೊಂದು ಭಾಗಶಃ ಮುಚ್ಚಿಹಾಕುತ್ತವೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಒಟ್ಟು ಮೊತ್ತ ಸರಿಯಿದ್ದಂತೆ ಕಂಡರೂ ಸಾಲುಸಾಲಾಗಿ ತಾಳೆ ನೋಡುವುದು ಅವಶ್ಯ.

ಫೋಟೋ ಸ್ಪಷ್ಟವಾಗಿದ್ದರೆ ಅರ್ಧ ಕೆಲಸ ಕಡಿಮೆ. ಬಂಕಿನ ರಸೀದಿಯ ಕಾಗದಕ್ಕೆ ಶಾಯಿಯಿಲ್ಲ. ಶಾಖದಿಂದ ಮೂಡಿದ ಅಕ್ಷರಗಳು ಬಿಸಿಲಿಗೆ, ಡ್ಯಾಶ್‌ಬೋರ್ಡಿನ ಕಾವಿಗೆ, ಎಣ್ಣೆ ಕೈಗೆ ಮಾಸುತ್ತವೆ. ಅಕ್ಷರಗಳ ಮೇಲೆ ಅಂಟುಪಟ್ಟಿ ಹಚ್ಚಿದರೂ ಅಳಿಸಿಹೋಗುವ ಭಯವಿದೆ. ಆದ್ದರಿಂದ ಚಾಲಕನು ಆಯಾ ದಿನವೇ ರಸೀದಿಯ ಅಂಚಿನಲ್ಲಿ ಪೆನ್ನಿನಿಂದ ವಾಹನದ ಸಂಖ್ಯೆ ಮತ್ತು ಮೀಟರ್ ರೀಡಿಂಗ್ ಬರೆದು, ಮೇಲ್ತುದಿಗೆ ಮಾತ್ರ ಅಂಟು ಹಚ್ಚಿ, ಒಂದರ ಮೇಲೊಂದು ಬಾರದಂತೆ ಅಂಟಿಸಬೇಕು. ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ, ಹಾಳೆಯ ನೇರ ಮೇಲಿನಿಂದ ಫೋಟೋ ತೆಗೆಯಬೇಕು. ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಸಣ್ಣ ಅಂಕಿಗಳು ಕಲೆಸಿಹೋಗುವುದರಿಂದ ಡಾಕ್ಯುಮೆಂಟ್ ರೂಪದಲ್ಲಿ ಕಳಿಸುವುದು ಮೇಲು. ಮೂಲ ಹಾಳೆಯನ್ನು ತಃಖ್ತೆಯ ಜೊತೆಗೇ ಇಡಬೇಕು, ಮತ್ತು ಫಾಸ್ಟ್ಯಾಗಿನ 330 ರೂಪಾಯಿಯನ್ನು ಡಿಸೆಂಬರ್ ಹಾಳೆಯ ಮೊದಲ ಸಾಲಿನಲ್ಲಿ ಆರಂಭದ ಶಿಲ್ಕೆಂದು ಬರೆದುಕೊಳ್ಳಬೇಕು.