ಬಂಪರಿನ ಎಂಟು ತೂತು

ನನ್ನ 2012ರ ವ್ಯಾಗನ್ಆರ್‌ ಹಿಂದಿನ ಬಂಪರಿನಲ್ಲಿ ಎಂಟು ತೂತುಗಳಿವೆ. ಕೆಲಸಕ್ಕೆ ಬರುವುದು ನಾಲ್ಕೇ. ಮಿಕ್ಕ ನಾಲ್ಕಕ್ಕೆ ಕಪ್ಪು ರಬ್ಬರ್ ಬಿರಡೆ ಜಡಿದಿದ್ದೇನೆ. ಬೆಳ್ಳಿ ಬಣ್ಣದ ಬಂಪರಿನ ಮೇಲೆ ಅವು ದೃಷ್ಟಿಬೊಟ್ಟಿನ ಹಾಗೆ ಎದ್ದು ಕಾಣುತ್ತವೆ.

2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಕಾರು ಇಟ್ಟುಕೊಂಡವರು ಬೇಕಿದ್ದರೆ ತಾವೇ ಹಾಕಿಸಿಕೊಳ್ಳಬೇಕು. ಮತ್ತಿಕೆರೆಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಕಂಬಕ್ಕೆ ಒಮ್ಮೆ ಬಂಪರ್ ಉಜ್ಜಿದ ಮೇಲೆ ನನಗೆ ಬೇಕೆನಿಸಿತು. ಪೇಂಟಿಗೆ 3,200 ರೂಪಾಯಿ ಅಂದರು. ವಿಮೆ ಇದೆಯಲ್ಲ ಎಂದುಕೊಂಡು ಲೆಕ್ಕ ಹಾಕಿದೆ. ಕ್ಲೇಮ್ ಮಾಡಿದರೆ ಮೊದಲ ಸಾವಿರ ನನ್ನದೇ, ಕೈಗೆ ಬರುವುದು ಹೆಚ್ಚೆಂದರೆ 2,200. ಆದರೆ ಶೇಕಡಾ ಐವತ್ತರ ನೋ ಕ್ಲೇಮ್ ಬೋನಸ್ ಸೊನ್ನೆಗಿಳಿದು, ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು. ನನ್ನ ಕಾರಿನ ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮೊದಲು ಸುಮಾರು 4,000. ಹಾಗಾದರೆ ಐದು ವರ್ಷದಲ್ಲಿ ಕಳೆದುಕೊಳ್ಳುವುದು 2,000, 1,200, 1,000, 600, 200, ಒಟ್ಟು 5,000. ಪೇಂಟಿಗೆ ಕೈಯಿಂದಲೇ ಕೊಟ್ಟೆ. ಜೊತೆಗೆ 1,100ರ ನಾಲ್ಕು ಸೆನ್ಸರ್ ಕಿಟ್ ತಂದೆ.

ಮೊದಲ ಅಂಗಡಿಯವನು ಅರ್ಧ ಗಂಟೆಯಲ್ಲಿ ಕೂರಿಸಿ 500 ರೂಪಾಯಿ ತೆಗೆದುಕೊಂಡ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ರಿವರ್ಸ್ ಹಾಕಿದರೆ ಸಾಕು, ಬಜರ್ ಒಂದೇ ಸಮನೆ ಕಿರುಚುತ್ತಿತ್ತು. ಹಿಂದೆ ಅತ್ತೆ, ಮಾವ, ಡಿಕ್ಕಿಯಲ್ಲಿ ಅಕ್ಕಿಚೀಲ ಇದ್ದ ದಿನ ಸಮತಟ್ಟು ರಸ್ತೆಯಲ್ಲೂ ಅದೇ ಪಾಡು. ಸೆನ್ಸರ್ ಕೆಟ್ಟಿದೆ ಅಂದುಕೊಂಡು ಒಂದು ಭಾನುವಾರ ಬೆಳಗ್ಗೆ ಜೆ.ಪಿ. ಪಾರ್ಕಿನ ಪಕ್ಕದ ಖಾಲಿ ಇಳಿಜಾರಿನಲ್ಲಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ರಿವರ್ಸ್ ಗೇರಿಗೆ ಹಾಕಿದೆ. ಒಂದೊಂದೇ ಸೆನ್ಸರಿನ ಮೇಲೆ ಬೆರಳಿಟ್ಟರೆ ಸಣ್ಣಗೆ ಟಿಕ್ ಟಿಕ್ ಮಿಡಿತ, ನಾಲ್ಕೂ ಜೀವಂತ. ಕಂಟ್ರೋಲ್ ಬಾಕ್ಸಿನಿಂದ ಒಂದೊಂದೇ ಪಿನ್ ಕಿತ್ತರೂ ಕಿರುಚಾಟ ನಿಲ್ಲಲಿಲ್ಲ. ಒಂದೇ ಸೆನ್ಸರ್ ಕೆಟ್ಟಿದ್ದರೆ ಅದರ ಪಿನ್ ಕಿತ್ತಾಗ ಸದ್ದು ನಿಲ್ಲಬೇಕಿತ್ತು. ಅಂದರೆ ಒಂದಕ್ಕಿಂತ ಹೆಚ್ಚು ಸೆನ್ಸರ್‌ಗಳು ಒಂದೇ ತಪ್ಪನ್ನು ನೋಡುತ್ತಿದ್ದವು.

ಟೇಪು ಹಿಡಿದೆ. ನೆಲದಿಂದ 38 ಸೆಂಟಿಮೀಟರ್. ಅದೂ ಬಂಪರ್ ಒಳಕ್ಕೆ ಬಾಗುವ ಕೆಳಭಾಗದಲ್ಲಿ. ಸೆನ್ಸರ್ ಬಿಡುವುದು ನಮ್ಮ ಕಿವಿಗೆ ಕೇಳದ ಶಬ್ದ. ಅದು ಎದುರಿನ ವಸ್ತುವಿಗೆ ಬಡಿದು ಹಿಂದಿರುಗುವ ಹೊತ್ತಿನಿಂದ ಬಾಕ್ಸ್ ದೂರ ಲೆಕ್ಕ ಹಾಕುತ್ತದೆ. ಮುಖ ನೆಲಕ್ಕೆ ಬಾಗಿದ್ದರೆ ಅದಕ್ಕೆ ರಸ್ತೆಯೇ ಗೋಡೆ. ಹಿಂಭಾಗ ಭಾರಕ್ಕೆ ಕುಸಿದರಂತೂ ಮುಗಿದೇಹೋಯಿತು.

ಎರಡನೇ ಸಲ ನಮ್ಮ ಬೀದಿಯ ವಯಸ್ಸಾದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಡ್ರಿಲ್ ಮುಟ್ಟುವ ಮೊದಲು ಬಂಪರಿನ ಕ್ಲಿಪ್ ಸಡಿಲಿಸಿ ಹಿಂದೆ ಕೈಯಾಡಿಸಿದರು. "ಒಳಗೆ ಕಬ್ಬಿಣದ ಪಟ್ಟಿ ಇದ್ಯಾ ನೋಡ್ಬೇಕು ಸಾರ್. ತೂತು ಹೊಡೆದ್ಮೇಲೆ ಸೆನ್ಸರ್ ಬಾಲ ಅದಕ್ಕೆ ತಾಕಿದ್ರೆ ಏನ್ ಮಾಡ್ತೀರ?" 52 ಸೆಂಟಿಮೀಟರ್ ಎತ್ತರದಲ್ಲಿ, ಬಂಪರಿನ ಮುಖ ನೇರವಾಗಿದ್ದ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿದರು. ಎರಡೂ ಮೂಲೆಯ ತಿರುವಿನಿಂದ ಒಂದು ಗೇಣಿನಷ್ಟು ಒಳಗೆ ಗುರುತು ಹಾಕಿ, ನಡುವಿನ ಜಾಗವನ್ನು ಮೂರು ಸಮ ಪಾಲು ಮಾಡಿದರು. ಕಿಟ್ಟಿನ ಜೊತೆ ಬಂದ ಗುಂಡು ಗರಗಸದಿಂದ ಮೊದಲು ರಟ್ಟಿಗೆ ತೂತು ಹೊಡೆದು ಸೆನ್ಸರ್ ಬಿಗಿಯಾಗಿ ಕೂರುತ್ತದೆಯೇ ಎಂದು ನೋಡಿದರು. ಆಮೇಲೆ ಬಂಪರಿಗೆ ಸಣ್ಣ ಬಿಟ್ಟಿನ ತೂತು, ಅದರ ಮೇಲೆ ದೊಡ್ಡದು, ಹೊರಗಿನಿಂದ ಒಳಕ್ಕೆ, ನಿಧಾನವಾಗಿ. ಜೋರಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಕರಗಿ ಅಂಚು ಹಾಳಾಗುತ್ತದಂತೆ. ಹಳೆಯ ಸೆನ್ಸರ್‌ಗಳನ್ನೇ ಬೆನ್ನಿನ ಬಾಣ ಮೇಲ್ಮುಖವಾಗಿ ಬರುವಂತೆ ಕೂರಿಸಿದರು. ಬಾಣ ಅಡ್ಡ ತಿರುಗಿದರೂ ನೆಲದ ಕಾಟ ಶುರುವಾಗುತ್ತದೆ.

ವೈರುಗಳನ್ನು ಸೈಲೆನ್ಸರಿನಿಂದ ದೂರ ಕಟ್ಟಿ, ಡಿಕ್ಕಿಯ ತಳದಲ್ಲಿ ಮೊದಲೇ ಇದ್ದ ರಬ್ಬರ್ ಬಿರಡೆಯ ಮೂಲಕ ಒಳಗೆ ತಂದರು. ಅದರ ಸುತ್ತ ಸೀಲೆಂಟ್ ಹಚ್ಚದಿದ್ದರೆ ಮಳೆಗಾಲದಲ್ಲಿ ಸ್ಟೆಪ್ನಿ ಕೆಳಗೆ ನೀರು ನಿಲ್ಲುತ್ತದೆ. ಕಂಟ್ರೋಲ್ ಬಾಕ್ಸ್ ಡಿಕ್ಕಿಯ ಪಕ್ಕದ ಹೊದಿಕೆಯ ಹಿಂದೆ ಹೋಯಿತು. ಅದರ ಕೆಂಪು ವೈರು ಟೆಸ್ಟ್ ಲ್ಯಾಂಪಿನಿಂದ ಹುಡುಕಿದ ರಿವರ್ಸ್ ಲೈಟಿನ ವೈರಿಗೆ, ಕಪ್ಪು ವೈರು ಬಾಡಿಯ ಬೋಲ್ಟಿಗೆ. ಹೀಗಾಗಿ ರಿವರ್ಸ್ ಬಿದ್ದಾಗ ಮಾತ್ರ ಕರೆಂಟ್. ಡಿಕ್ಕಿಯೊಳಗೆ ಹೂತುಹೋಗಿದ್ದ ಬಜರನ್ನು ಹಿಂದಿನ ಸೀಟಿನ ಮೇಲಿನ ಹಲಗೆಯ ಮೂಲೆಗೆ ತಂದರು. ಈಗ ಫ್ಯಾನ್ ಹಾಕಿದ್ದರೂ ಕೇಳಿಸುತ್ತದೆ.

ಎರಡನೇ ಕೂಲಿ 800. ಬಿರಡೆ 40. ಮೊದಲಿನದೂ ಸೇರಿ 2,440 ರೂಪಾಯಿ. ಅರ್ಧ ಗಂಟೆ ಟೇಪು ಹಿಡಿದು ಪಕ್ಕದಲ್ಲಿ ನಿಂತಿದ್ದರೆ 1,600ರಲ್ಲಿ ಮುಗಿಯುತ್ತಿತ್ತು.

ಕಂಬ, ಗೋಡೆ, ಬೇರೆಯವರ ಕಾರು ಈಗ ಚೆನ್ನಾಗಿ ಗೊತ್ತಾಗುತ್ತವೆ. ಸಪೂರ ಕಂಬಿ ಕೆಲವೊಮ್ಮೆ ತಪ್ಪಿಹೋಗುತ್ತದೆ. ಇಲ್ಲದ ವಸ್ತುವಿನಿಂದಂತೂ ಶಬ್ದ ಮರಳಿ ಬರುವುದೇ ಇಲ್ಲ. ನಮ್ಮ ಅಡ್ಡರಸ್ತೆಯಲ್ಲಿ ಚಪ್ಪಡಿ ಕಿತ್ತುಹೋದ ಚರಂಡಿಯ ಹತ್ತಿರ ಈಗಲೂ ಮಗಳೇ ಇಳಿದು "ಬರ್ಲಿ, ಬರ್ಲಿ, ಸಾಕಪ್ಪಾ!" ಅನ್ನುತ್ತಾಳೆ.