ಅತಿತರಬೇತಿಯ ಲಕ್ಷಣಗಳು: ಓಟಗಾರ್ತಿಯ ದಿನಚರಿಯ ಮೂಲಕ ಒಂದು ಪಾಠ

ವಿಷಯ: ದೈಹಿಕ ಶಿಕ್ಷಣ (ತಾತ್ವಿಕ)
ತರಗತಿ: 9ನೇ ತರಗತಿ
ಅವಧಿ: 40 ನಿಮಿಷ
ಉಪಕರಣಗಳು: ದಿನಚರಿಯ ಪಟ್ಟಿ ಬರೆದ ಚಾರ್ಟ್, ಸೆಕೆಂಡ್ ಮುಳ್ಳಿರುವ ಗಡಿಯಾರ, ಕಪ್ಪುಹಲಗೆ

ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು

1. ಸಾಮಾನ್ಯ ದಣಿವಿಗೂ ಬಹುಕಾಲ ಉಳಿಯುವ ದಣಿವಿಗೂ ಇರುವ ವ್ಯತ್ಯಾಸವನ್ನು ಹೇಳುವನು.
2. ತನ್ನ ತರಬೇತಿಯ ಹೊರೆಯನ್ನು ಲೆಕ್ಕ ಹಾಕುವನು.
3. ದಿನಚರಿಯನ್ನು ನೋಡಿ ಎರಡು ಮೂರು ದಿನದ ವಿಶ್ರಾಂತಿ ಸಾಕೇ, ದೀರ್ಘ ಬಿಡುವು ಬೇಕೇ ಎಂದು ಕಾರಣ ಸಹಿತ ನಿರ್ಧರಿಸುವನು.

ಪೂರ್ವಜ್ಞಾನ

ವಿದ್ಯಾರ್ಥಿಗಳು ನಾಡಿಮಿಡಿತ ಎಣಿಸಲು ಬಲ್ಲರು. ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ ಎಂದು ಮೇಲೇರುವುದನ್ನೂ ಬಲ್ಲರು.

ಪೀಠಿಕೆ

ಶಿಕ್ಷಕರು ಕೇಳುವ ಪ್ರಶ್ನೆ: "ನಿನ್ನೆ ಕಬಡ್ಡಿ ಆಡಿ ಸುಸ್ತಾದವರು ಇವತ್ತು ಹೇಗಿದ್ದೀರಿ?" ಹೆಚ್ಚಿನವರು "ಸರಿ ಹೋಯ್ತು ಸಾರ್" ಎನ್ನುತ್ತಾರೆ. ಮುಂದಿನ ಪ್ರಶ್ನೆ: "ಎರಡು ವಾರವಾದರೂ ಸುಸ್ತು ಹೋಗದಿದ್ದರೆ?" ಇಲ್ಲಿ ತರಗತಿ ಸುಮ್ಮನಾಗುತ್ತದೆ. ಆಗ ಪಾಠದ ಹೆಸರನ್ನು ಹಲಗೆಯ ಮೇಲೆ ಬರೆಯಬೇಕು.

ವಿಷಯ ಮಂಡನೆ

*ಹಂತ 1: ದಣಿವಿನಲ್ಲಿ ಬಗೆಗಳು*

ತರಬೇತಿ ಎಂದರೆ ದೇಹವನ್ನು ದಣಿಸಿ, ಅದು ಚೇತರಿಸಿಕೊಳ್ಳುವಾಗ ಮೊದಲಿಗಿಂತ ಸ್ವಲ್ಪ ಬಲಗೊಳ್ಳಲು ಬಿಡುವುದು. ಆದ್ದರಿಂದ ದಣಿವು ತಾನಾಗಿಯೇ ರೋಗವಲ್ಲ. ಕಠಿಣ ವಾರದ ಬಳಿಕ ವೇಗ ಕುಗ್ಗಿ, ಕೆಲವು ದಿನ ಹಗುರವಾಗಿ ಅಭ್ಯಾಸ ಮಾಡಿದ ಮೇಲೆ ಮೊದಲಿಗಿಂತ ಚೆನ್ನಾಗಿ ಓಡಲು ಸಾಧ್ಯವಾದರೆ ಅದು ಫಲ ಕೊಟ್ಟ ಅತಿಶ್ರಮ. ಚೇತರಿಕೆಗೆ ವಾರಗಳು ಹಿಡಿದು, ಕೊನೆಗೆ ಹಳೆಯ ಮಟ್ಟಕ್ಕೆ ಮಾತ್ರ ಮರಳಿದರೆ ಅದು ಫಲ ಕೊಡದ ಅತಿಶ್ರಮ. ತಿಂಗಳುಗಟ್ಟಲೆ ವಿಶ್ರಮಿಸಿದರೂ ಸಾಮರ್ಥ್ಯ ಮರಳದೆ, ನಿದ್ರೆ ಮತ್ತು ಮನಃಸ್ಥಿತಿ ಎರಡೂ ಕೆಟ್ಟಿದ್ದರೆ ಅದನ್ನು ಅತಿತರಬೇತಿಯ ಲಕ್ಷಣಕೂಟ ಎನ್ನುತ್ತಾರೆ. ಯುರೋಪಿನ ಮತ್ತು ಅಮೆರಿಕದ ಕ್ರೀಡಾ ವಿಜ್ಞಾನ ಸಂಸ್ಥೆಗಳು 2013ರಲ್ಲಿ ಜೊತೆಯಾಗಿ ಹೊರತಂದ ಹೇಳಿಕೆಯಲ್ಲಿಯೂ ಇದೇ ವಿಂಗಡಣೆ ಇದೆ.

ಇಲ್ಲಿ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. ಮೂರೂ ಸ್ಥಿತಿಗಳು ಮೊದಲ ವಾರದಲ್ಲಿ ಒಂದೇ ರೀತಿ ಕಾಣುತ್ತವೆ. ಇವನ್ನು ಬೇರ್ಪಡಿಸುವುದು ಚೇತರಿಕೆಗೆ ಹಿಡಿದ ಕಾಲ. ಅತಿತರಬೇತಿ ಇದೆ ಎಂದು ತೋರಿಸಿಕೊಡುವ ರಕ್ತಪರೀಕ್ಷೆ ಯಾವುದೂ ಇಲ್ಲ. ಹಾಗಾಗಿ ಹೆಸರು ತಿಳಿಯುವ ತನಕ ಕಾಯದೆ ವಿಶ್ರಾಂತಿಯನ್ನು ಮೊದಲೇ ಕೊಡಬೇಕಾಗುತ್ತದೆ.

*ಹಂತ 2: ದಿನಚರಿಯಲ್ಲಿ ಏನು ಬರೆಯಬೇಕು*

ಮೂರು ಸಂಗತಿಗಳು ಸಾಕು.

ಮೊದಲನೆಯದು ಹೊರೆ. ಅಭ್ಯಾಸ ಮುಗಿದು ಸುಮಾರು ಅರ್ಧ ಗಂಟೆಯ ನಂತರ "ಇವತ್ತಿನದು ಎಷ್ಟು ಕಷ್ಟವಾಯಿತು?" ಎಂದು ಕೇಳಿ 0ಯಿಂದ 10ರೊಳಗೆ ಅಂಕ ಪಡೆಯಬೇಕು. ಆ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿದರೆ ಆ ದಿನದ ಹೊರೆ ಸಿಗುತ್ತದೆ. 45 ನಿಮಿಷದ ಅಭ್ಯಾಸಕ್ಕೆ 4 ಅಂಕ ಕೊಟ್ಟರೆ ಹೊರೆ 180. ಅಮೆರಿಕದ ಕಾರ್ಲ್ ಫಾಸ್ಟರ್ ಬಳಕೆಗೆ ತಂದ ಈ ಲೆಕ್ಕಕ್ಕೆ ಯಾವ ಯಂತ್ರವೂ ಬೇಡ. ಮುಗಿದ ತಕ್ಷಣ ಕೇಳಿದರೆ ಕೊನೆಯ ಸುತ್ತಿನ ಏದುಸಿರೇ ಅಂಕ ಕೊಡುತ್ತದೆ. ಅದಕ್ಕಾಗಿಯೇ ಈ ಅರ್ಧ ಗಂಟೆಯ ಕಾಯುವಿಕೆ.

ಎರಡನೆಯದು ಬೆಳಗಿನ ನಾಲ್ಕು ಪ್ರಶ್ನೆಗಳು: ನಿದ್ರೆ, ದಣಿವು, ಸ್ನಾಯು ನೋವು, ಒತ್ತಡ. ಪ್ರತಿಯೊಂದಕ್ಕೂ 1ರಿಂದ 7. ತುಂಬ ಚೆನ್ನಾಗಿದ್ದರೆ 1, ತೀರಾ ಕೆಟ್ಟದಾಗಿದ್ದರೆ 7. ನಾಲ್ಕನ್ನೂ ಕೂಡಿದರೆ ಮೊತ್ತ 4ರಿಂದ 28ರೊಳಗೆ ಇರುತ್ತದೆ. ಇದು ಆಸ್ಟ್ರೇಲಿಯಾದ ಈಜುಗಾರರ ಅಧ್ಯಯನದಿಂದ ಬಂದ ಹೂಪರ್ ಸೂಚ್ಯಂಕ. ಇದರ ಕೆಳಗೆ ಮನಸ್ಸು ಹೇಗಿದೆ ಎಂದು ವಿದ್ಯಾರ್ಥಿ ತನ್ನದೇ ಮಾತಿನಲ್ಲಿ ಒಂದು ಸಾಲು ಬರೆಯಬೇಕು.

ಮೂರನೆಯದು ವಾರಕ್ಕೊಮ್ಮೆ, ಅದೇ ಮೈದಾನದಲ್ಲಿ, ಅದೇ ಹೊತ್ತಿನಲ್ಲಿ ನಡೆಸುವ ಓಟದ ಸಮಯ.

ಎದ್ದ ಕೂಡಲೇ ಮಲಗಿದಲ್ಲೇ ಎಣಿಸಿದ ನಾಡಿಮಿಡಿತವನ್ನೂ ಬರೆಯಬಹುದು. ಆದರೆ ಅದೊಂದನ್ನೇ ನಂಬುವಂತಿಲ್ಲ. ಅತಿಶ್ರಮದಲ್ಲಿ ಅದು ಕೆಲವರಲ್ಲಿ ಏರುತ್ತದೆ, ಕೆಲವರಲ್ಲಿ ಇಳಿಯುತ್ತದೆ, ಹಲವರಲ್ಲಿ ಬದಲಾಗುವುದೇ ಇಲ್ಲ.

*ಹಂತ 3: ಉದಾಹರಣೆಯ ವಿಶ್ಲೇಷಣೆ*

ಈ ಪಾಠಕ್ಕಾಗಿ ರೂಪಿಸಿದ ದಿನಚರಿಯನ್ನು ಚಾರ್ಟ್‌ನಲ್ಲಿ ತೋರಿಸಬೇಕು. ಇದು 800 ಮೀಟರ್ ಓಟದಲ್ಲಿ ತಾಲ್ಲೂಕು ಮಟ್ಟದಲ್ಲಿ ಗೆದ್ದ ಒಬ್ಬ 9ನೇ ತರಗತಿಯ ವಿದ್ಯಾರ್ಥಿನಿಯದು ಎಂದು ಭಾವಿಸೋಣ. ನಾಲ್ಕನೆಯ ವಾರ ಮುಗಿದಾಗ ಜಿಲ್ಲಾ ಮಟ್ಟದ ಕೂಟಕ್ಕೆ 12 ದಿನ ಉಳಿದಿವೆ.

| ವಾರ | ವಾರದ ಹೊರೆ | ಬೆಳಗಿನ ಮೊತ್ತ (ಸರಾಸರಿ) | ನಾಡಿಮಿಡಿತ | 800 ಮೀ. ಸಮಯ |
|---|---|---|---|---|
| 1 | 1000 | 9 | 66 | 2 ನಿ. 40 ಸೆ. |
| 2 | 1500 | 11 | 67 | 2 ನಿ. 38 ಸೆ. |
| 3 | 2300 | 16 | 66 | 2 ನಿ. 41 ಸೆ. |
| 4 | 3060 | 21 | 70 | 2 ನಿ. 47 ಸೆ. |

ಮೊದಲ ವಾರದಲ್ಲಿ ನಾಲ್ಕು ದಿನ 45 ನಿಮಿಷದ ಸುಲಭ ಅಭ್ಯಾಸ (ಅಂಕ 4), ಒಂದು ದಿನ 40 ನಿಮಿಷದ ಕಠಿಣ ಅಭ್ಯಾಸ (ಅಂಕ 7), ಎರಡು ದಿನ ಬಿಡುವು. 720 ಮತ್ತು 280 ಸೇರಿ 1000. ನಾಲ್ಕನೆಯ ವಾರದಲ್ಲಿ ಆರು ದಿನವೂ ಬೆಳಿಗ್ಗೆ 30 ನಿಮಿಷ (ಅಂಕ 5), ಸಂಜೆ 60 ನಿಮಿಷ (ಅಂಕ 6). ದಿನಕ್ಕೆ 150 ಮತ್ತು 360 ಸೇರಿ 510, ಆರು ದಿನಕ್ಕೆ 3060. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು.

ಬಳಿಕ ಕೇಳುವ ಪ್ರಶ್ನೆ: "ತೊಂದರೆ ಯಾವ ವಾರ ಶುರುವಾಯಿತು?" ಹೆಚ್ಚಿನವರು ಸಮಯವನ್ನು ನೋಡಿ ನಾಲ್ಕನೆಯ ವಾರ ಎನ್ನುತ್ತಾರೆ. ಆಗ ಬೆಳಗಿನ ಮೊತ್ತದ ಕಡೆ ಗಮನ ಸೆಳೆಯಬೇಕು. ಮೂರನೆಯ ವಾರದಲ್ಲಿ ಓಟ ಕೇವಲ 1 ಸೆಕೆಂಡ್ ನಿಧಾನ, ನಾಡಿಮಿಡಿತ ಮೊದಲಿನಂತೆಯೇ ಇದೆ. ಆದರೆ ಮೊತ್ತ 9ರಿಂದ 16ಕ್ಕೆ ಏರಿದೆ. ಆ ವಾರದ ಮಾತಿನ ಸಾಲುಗಳು: "ರಾತ್ರಿ ಸುಸ್ತು, ಆದ್ರೂ ನಿದ್ದೆ ಬರಲ್ಲ." "ಯಾರಾದ್ರೂ ಮಾತಾಡ್ಸಿದ್ರೆ ಸಿಟ್ಟು ಬರುತ್ತೆ." "ಶೂ ನೋಡಿದ್ರೇ ಬೇಜಾರು." ಗಡಿಯಾರಕ್ಕಿಂತ ಮನಸ್ಸು ಒಂದು ವಾರ ಮೊದಲೇ ಹೇಳಿತ್ತು.

ಎರಡು ಕಾರಣಗಳು ಪಟ್ಟಿಯಲ್ಲೇ ಇವೆ. ಮೂರು ವಾರದಲ್ಲಿ ಹೊರೆ ಮೂರು ಪಟ್ಟಾಗಿದೆ. ಅದಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಎರಡನೆಯದು: ನಾಲ್ಕನೆಯ ವಾರದಲ್ಲಿ ಪ್ರತಿ ದಿನವೂ 510. ಹಗುರವಾದ ದಿನವೇ ಇಲ್ಲ. ಒಟ್ಟು ಹೊರೆ ಅಷ್ಟೇ ಇದ್ದರೂ ಕಠಿಣ ದಿನ, ಹಗುರ ದಿನ ಎಂದು ಹಂಚಿದಾಗ ದೇಹಕ್ಕೆ ಚೇತರಿಕೆಯ ಕಿಂಡಿ ಸಿಗುತ್ತದೆ. ಇಲ್ಲಿ ಅದು ಮುಚ್ಚಿಹೋಗಿದೆ. ಎರಡನೆಯ ವಾರ ಸಮಯ ಸುಧಾರಿಸಿದ್ದೇ "ಇನ್ನಷ್ಟು ಓಡಿಸೋಣ" ಎಂಬ ಧೈರ್ಯ ಕೊಟ್ಟಿತು ಎಂಬುದನ್ನೂ ತೋರಿಸಬೇಕು.

*ಹಂತ 4: ಎಷ್ಟು ದಿನದ ಬಿಡುವು?*

ನಿರ್ಧಾರಕ್ಕೆ ಮೂರು ಮೆಟ್ಟಿಲುಗಳು.

ಮೊದಲ ಮೆಟ್ಟಿಲು: ಮೂರು ದಿನ ಪೂರ್ತಿ ವಿಶ್ರಾಂತಿ, ನಾಲ್ಕನೆಯ ದಿನ 20 ನಿಮಿಷದ ನಿಧಾನ ಓಟ. ಮೊತ್ತ ಮೊದಲ ವಾರದ ಹತ್ತಿರಕ್ಕೆ ಬಂದು ಓಟವೂ ಹಗುರವೆನಿಸಿದರೆ ಅದು ಸಾಮಾನ್ಯ ದಣಿವು. ನಮ್ಮ ಉದಾಹರಣೆಯಲ್ಲಿ ಮೂರು ದಿನದ ನಂತರವೂ ಮೊತ್ತ 19. ಹಿಂದೆ 3 ಅಂಕ ಕೊಡುತ್ತಿದ್ದ ನಿಧಾನ ಓಟಕ್ಕೆ ಈಗ 7 ಕೊಟ್ಟಿದ್ದಾಳೆ. ಇಷ್ಟಾದ ಮೇಲೆ ಮತ್ತೆರಡು ದಿನ ನೋಡೋಣ ಎನ್ನುವುದು ಸರಿಯಲ್ಲ.

ಎರಡನೆಯ ಮೆಟ್ಟಿಲು: ಎರಡು ವಾರ ತರಬೇತಿ ಇಲ್ಲ. ಗೆಳತಿಯರೊಂದಿಗೆ ನಡಿಗೆ, ಇಷ್ಟವಿದ್ದರೆ ಆಟ, ಗಡಿಯಾರವಿಲ್ಲ. ಇದೇ ವಾರ ವೈದ್ಯರನ್ನು ಕಾಣಬೇಕು, ಏಕೆಂದರೆ ಬೇರೆ ಕಾರಣಗಳಿಲ್ಲ ಎಂದು ಖಚಿತವಾದ ಮೇಲಷ್ಟೇ ಹೊರೆಯನ್ನು ದೂರಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಉಳಿದುಕೊಂಡ ಸೋಂಕು, ಖಿನ್ನತೆ ಇವೂ ಇದೇ ರೀತಿ ಕಾಣುತ್ತವೆ. ಊಟ ಸಾಲದಿರುವುದೂ ಅಷ್ಟೇ: ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಓಡಿ, ತಿಂಡಿ ಬಿಟ್ಟು ಶಾಲೆಗೆ ಬರುವ ಹುಡುಗಿಗೆ ವಿಶ್ರಾಂತಿಯ ಜೊತೆಗೆ ಅನ್ನವೂ ಬೇಕು. ಈ ವಯಸ್ಸಿನ ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಉದಾಹರಣೆಯಲ್ಲಿ ಅದು 12.4, ಉಳಿದ ತಪಾಸಣೆಯಲ್ಲೂ ದೋಷವಿಲ್ಲ. ಹಾಗಾಗಿ ಹೊರೆಯೇ ಕಾರಣವೆಂದು ಒಪ್ಪಬಹುದು.

ಎರಡು ವಾರದ ಬಿಡುವೆಂದರೆ ಜಿಲ್ಲಾ ಕೂಟ ತಪ್ಪುತ್ತದೆ. ತರಗತಿಯಲ್ಲಿ ವಾದ ಏಳುವುದು ಇಲ್ಲಿಯೇ, ಏಳಲಿ. "ಸಾರ್, ಓಡೋದು ನಿಲ್ಲಿಸಿದ್ರೆ ಸ್ಟ್ಯಾಮಿನಾ ಹೋಗಲ್ವಾ?" ಎಂದು ಯಾರಾದರೂ ಕೇಳುತ್ತಾರೆ. ಉತ್ತರ: ಸ್ವಲ್ಪ ಇಳಿಯುತ್ತದೆ, ಕೆಲವು ವಾರಗಳ ಅಭ್ಯಾಸದಲ್ಲಿ ಮರಳುತ್ತದೆ. ಈ ಸ್ಥಿತಿಯಲ್ಲಿ ಓಡಿದರೆ 2 ನಿಮಿಷ 47 ಸೆಕೆಂಡಿನ ಓಟಗಾರ್ತಿಯಾಗಿಯೇ ಓಡುತ್ತಾಳೆ, ಮತ್ತು ಚೇತರಿಕೆ ವಾರಗಳಿಂದ ತಿಂಗಳುಗಳಿಗೆ ಜಾರುವ ಅಪಾಯವಿದೆ.

ಮೂರನೆಯ ಮೆಟ್ಟಿಲು: ಎರಡು ವಾರದ ನಂತರವೂ ಮೊತ್ತ ಇಳಿಯದಿದ್ದರೆ ಆ ಋತುವಿನ ಸ್ಪರ್ಧೆಗಳನ್ನೆಲ್ಲ ಬಿಟ್ಟು, ವೈದ್ಯರ ಸಲಹೆಯಂತೆ ತಿಂಗಳುಗಳ ಬಿಡುವು. ಉದಾಹರಣೆಯಲ್ಲಿ ಇಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಆರನೆಯ ವಾರದ ಕೊನೆಗೆ ಮೊತ್ತ 10ಕ್ಕೆ ಇಳಿಯಿತು. ಏಳನೆಯ ವಾರ ದಿನ ಬಿಟ್ಟು ದಿನ 15 ನಿಮಿಷದ ನಿಧಾನ ಓಟ. ಎಂಟನೆಯ ವಾರ ಅದೇ ವೇಗದಲ್ಲಿ 30 ನಿಮಿಷ. ವೇಗದ ಓಟ ಒಂಬತ್ತನೆಯ ವಾರದಲ್ಲಿ ಮಾತ್ರ. ಮೊದಲು ನಿಮಿಷ ಹೆಚ್ಚಬೇಕು, ಆಮೇಲೆ ವೇಗ. ಎರಡೂ ಒಟ್ಟಿಗೆ ಅಲ್ಲ. ಆ ವಾರದ ಕೊನೆಗೆ ಸಮಯ 2 ನಿಮಿಷ 39 ಸೆಕೆಂಡ್. ಐದು ವಾರದಲ್ಲಿ ಹಳೆಯ ಮಟ್ಟಕ್ಕೆ ಮರಳಿದ್ದರಿಂದ ಇದು ಫಲ ಕೊಡದ ಅತಿಶ್ರಮ, ಅತಿತರಬೇತಿಯ ಲಕ್ಷಣಕೂಟವಲ್ಲ ಎಂದು ಈಗ ಹೇಳಬಹುದು.

ಮೆಟ್ಟಿಲುಗಳನ್ನು ಕಾಯದೆ ಕೂಡಲೇ ನಿಲ್ಲಿಸಿ ವೈದ್ಯರಿಗೂ ಮನೆಯವರಿಗೂ ತಿಳಿಸಬೇಕಾದ ಸಂದರ್ಭಗಳು: ಜ್ವರ, ಓಡುವಾಗ ಎದೆನೋವು ಅಥವಾ ತಲೆಸುತ್ತಿ ಬೀಳುವುದು, ಮೂರು ತಿಂಗಳು ಮುಟ್ಟು ನಿಲ್ಲುವುದು, "ಬದುಕೇ ಬೇಡ" ಎಂಬಂಥ ಮಾತು.

ಬೋಧಿಸುವವರಿಗೆ ಸೂಚನೆ

ಮೊತ್ತವನ್ನು ಒಬ್ಬರಿಂದ ಇನ್ನೊಬ್ಬರಿಗೆ ಹೋಲಿಸಬಾರದು. ಒಬ್ಬನಿಗೆ 12 ಸಹಜ, ಇನ್ನೊಬ್ಬಳಿಗೆ 7. ಅವರವರ ಹಗುರವಾದ ವಾರವೇ ಅವರವರ ಅಳತೆಗೋಲು. ದಿನಚರಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬಾರದು. ಹೆಚ್ಚು ಅಂಕ ಬರೆದವರನ್ನು ತಂಡದಿಂದ ಕೈಬಿಡುತ್ತಾರೆ ಎಂಬ ಸುದ್ದಿ ಹರಡಿದರೆ ಮರುದಿನದಿಂದ ಎಲ್ಲರೂ 1 ಎಂದೇ ಬರೆಯುತ್ತಾರೆ. ಸಮಯ ಕುಸಿಯುತ್ತಿದ್ದರೂ ಮೊತ್ತ ದಿನವೂ ಒಂದೇ ಇದ್ದರೆ ಹೀಗಾಗಿದೆ ಎಂದು ಊಹಿಸಿ, ಆ ವಿದ್ಯಾರ್ಥಿಯೊಡನೆ ಪ್ರತ್ಯೇಕವಾಗಿ ಮಾತಾಡಬೇಕು. ಪರೀಕ್ಷೆಯ ವಾರದಲ್ಲಿ ಹೊರೆ ಹೆಚ್ಚದಿದ್ದರೂ ಮೊತ್ತ ಏರುತ್ತದೆ. ಆಗ ಅಭ್ಯಾಸವನ್ನು ತಗ್ಗಿಸಬೇಕು.

ಕಪ್ಪುಹಲಗೆ ಸಾರಾಂಶ

- ಹೊರೆ = ನಿಮಿಷ × ಕಷ್ಟದ ಅಂಕ
- ಮನಸ್ಸು ಮತ್ತು ನಿದ್ರೆ ಮೊದಲು ಕೆಡುತ್ತವೆ, ಸಮಯ ಆಮೇಲೆ
- 3 ದಿನ → 2 ವಾರ ಮತ್ತು ವೈದ್ಯರು → ತಿಂಗಳುಗಳು
- ಮರಳುವಾಗ: ಮೊದಲು ನಿಮಿಷ, ನಂತರ ವೇಗ

ಮೌಲ್ಯಮಾಪನ

1. 50 ನಿಮಿಷದ ಅಭ್ಯಾಸಕ್ಕೆ 6 ಅಂಕ ಕೊಟ್ಟರೆ ಹೊರೆ ಎಷ್ಟು?
2. ನಾಡಿಮಿಡಿತ ಬದಲಾಗದಿದ್ದರೆ ಅತಿಶ್ರಮ ಇಲ್ಲವೆಂದು ಹೇಳಬಹುದೇ? ಏಕೆ?
3. ಮೂರು ದಿನದ ವಿಶ್ರಾಂತಿಯ ನಂತರ ಮೊತ್ತ 18ರಿಂದ 9ಕ್ಕೆ ಇಳಿದ ಹುಡುಗನಿಗೆ ನಿಮ್ಮ ಸಲಹೆ ಏನು?
4. ದೀರ್ಘ ಬಿಡುವಿನ ಜೊತೆಗೆ ವೈದ್ಯರನ್ನೂ ಕಾಣಬೇಕು ಏಕೆ?

ಮನೆಗೆಲಸ

ನಾಳೆಯಿಂದ ಒಂದು ವಾರ ಬೆಳಗಿನ ನಾಲ್ಕು ಪ್ರಶ್ನೆಗಳಿಗೆ ಅಂಕ ಬರೆದು ಸರಾಸರಿ ತೆಗೆಯಿರಿ. ಅದು ನಿಮ್ಮ ಅಳತೆಗೋಲು.